ಹತ್ತು ತಿಂಗಳ ಮನೆ

ಮೇ ತಿಂಗಳು ಬಂತೆಂದರೆ ಓಬಳೇಶನ ಫೋನಿಗೆ ಬಿಡುವಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಬದುಕುವವರೆಲ್ಲ ಶಾಲೆ ಶುರುವಾಗುವ ಮುಂಚೆ ಅವನಿಗೆ ಒಂದು ಸಲ ಫೋನ್ ಮಾಡಿಯೇ ಮಾಡುತ್ತಾರೆ. ಪಿಟಿ ಮಾಸ್ತರರು, ಕಬಡ್ಡಿ ಕೋಚುಗಳು, ಜಿಮ್ಮಿನ ಹುಡುಗರು, ಎಲ್ಲರದೂ ಒಂದೇ ಪ್ರಶ್ನೆ. "ಅಣ್ಣ, ಅಲ್ಲಿ ಹೆಂಗೆ?"

ಹೆಣ್ಣು ಕೊಡುವವರು ಗಂಡಿನ ಮನೆಯ ಬಗ್ಗೆ ವಿಚಾರಿಸುತ್ತಾರಲ್ಲ, ಹಾಗೆ. ಓಬಳೇಶನೂ ಹಾಗೇ ಉತ್ತರ ಕೊಡುತ್ತಿದ್ದ. ಏಪ್ರಿಲ್, ಮೇ ರಜೆಯಲ್ಲೂ ಸಂಬಳ ಕೊಡುವ ಶಾಲೆ ಹನ್ನೆರಡು ತಿಂಗಳ ಮನೆ. ಪರೀಕ್ಷೆ ಮುಗಿದ ದಿನ "ಜೂನ್‌ನಲ್ಲಿ ಬನ್ನಿ ಸಾರ್" ಎಂದು ಕೈ ಮುಗಿದು ಕಳಿಸುವ ಶಾಲೆ ಹತ್ತು ತಿಂಗಳ ಮನೆ. ಇದು ಅವನ ಮೊದಲ ಪ್ರಶ್ನೆ. ಪಿಎಫ್ ಹಿಡಿಯುತ್ತಾರಾ, ಹಿಡಿದರೆ ಆಡಳಿತದವರ ಪಾಲನ್ನೂ ಮೇಷ್ಟ್ರ ಸಂಬಳದಲ್ಲೇ ಮುರಿದುಕೊಳ್ಳುತ್ತಾರಾ ಎನ್ನುವುದು ಎರಡನೆಯದು. ಮೂರನೆಯದನ್ನು ಅವನು ದನಿ ತಗ್ಗಿಸಿ ಕೇಳುತ್ತಿದ್ದ. "ಒರಿಜಿನಲ್ ಇಟ್ಕೊಂಡಾರಾ ನೋಡ್ಕಳಪ್ಪ. ಸರ್ಟಿಫಿಕೇಟು ಅವರ ಬೀರು ಒಳಗೆ ಹೋತು ಅಂದ್ರೆ ನೀನೂ ಒಳಗೆ ಹೋದಂಗೆ."

ಇದೆಲ್ಲ ಅವನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಮೈಮೇಲೆ ಬರೆ ಬಿದ್ದು ಕಲಿತದ್ದು. ಪಾವಗಡದ ಒಂದು ಶಾಲೆಯಲ್ಲಿ ಅವನು ಪಿಟಿ ಮಾಸ್ತರನೂ ಹೌದು, ಬಸ್ಸಿನಲ್ಲಿ ಮಕ್ಕಳನ್ನು ಎಣಿಸುವವನೂ ಹೌದು, ಫೀಸು ಕಟ್ಟದ ಮಕ್ಕಳ ಅಪ್ಪಂದಿರ ಮನೆಗೆ ಹೋಗಿ ನಿಲ್ಲುವವನೂ ಹೌದು. ಅಲ್ಲಿನ ಹೆಡ್ ಮಾಸ್ಟರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ "ಏಮಪ್ಪಾ, ಆಟ ಅಂದ್ರೆ ಅದೂ ಒಂದು ಪನಿನಾ?" ಎಂದು ನಗುತ್ತಿದ್ದರು. ಶಿರಾದ ಅಕಾಡೆಮಿಯೊಂದರಲ್ಲಿ ಪೊಲೀಸ್ ಕೆಲಸಕ್ಕೆ ತಯಾರಾಗುವ ಹುಡುಗರನ್ನು ಓಡಿಸಿದ, ಗುಂಡು ಎಸೆಯುವುದು ಕಲಿಸಿದ. ಸರ್ಕಾರ ನೇಮಕಾತಿ ಕರೆದರೆ ಬ್ಯಾಚು, ಬ್ಯಾಚಿದ್ದರೆ ತಲೆಗಿಷ್ಟು ಎಂದು ದುಡ್ಡು. ಕರೆಯದಿದ್ದರೆ ಅಕಾಡೆಮಿಗೆ ಬೀಗ, ಓಬಳೇಶನ ಹೊಟ್ಟೆಗೆ ತಣ್ಣೀರು ಬಟ್ಟೆ. ಕೊರಟಗೆರೆಯ ಹಿರಿಯ ಪ್ರಾಥಮಿಕ ಶಾಲೆಯೊಂದು ಅವನ ಸರ್ಟಿಫಿಕೇಟನ್ನು ಎರಡು ವರ್ಷ ಬೀರುವಿನಲ್ಲಿಟ್ಟುಕೊಂಡು ಸತಾಯಿಸಿತ್ತು. ಅದನ್ನು ಬಿಡಿಸಿಕೊಂಡು ಬಂದ ದಿನ, ಇನ್ನು ಸತ್ತರೂ ಆ ಗೇಟು ತುಳಿಯುವುದಿಲ್ಲ ಎಂದು ದಂಡಿನ ಮಾರಮ್ಮನಿಗೆ ಕಾಯಿ ಒಡೆದಿದ್ದ.

ಈಗ ಮಧುಗಿರಿಯಲ್ಲೇ ಒಂದು ಜಿಮ್ಮು. ಗಾಜಿನ ಬಾಗಿಲು, ನೀಲಿ ದೀಪ, ಕಿವಿ ಗಡಚಿಕ್ಕುವ ಹಾಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಸಂಬಳ ಅರ್ಧ, ಉಳಿದರ್ಧ ಪರ್ಸನಲ್ ಟ್ರೈನಿಂಗಿನ ಪಾಲು ಎಂದು ಮಾತು. ಈ ಊರಿನಲ್ಲಿ ಪರ್ಸನಲ್ ಟ್ರೈನಿಂಗ್ ತಗೊಳ್ಳುವವರು ಯಾರು? ಮದುವೆ ಗೊತ್ತಾದ ಗಂಡು, ಅದೂ ಒಂದೂವರೆ ತಿಂಗಳು. ಆಷಾಢ ಬಂದರೆ ಅದೂ ಇಲ್ಲ. ನಲವತ್ತೆರಡು ದಾಟಿದ ಓಬಳೇಶ ಬೆಳಗ್ಗೆ ಐದಕ್ಕೆ ಹೋಗಿ ಅವರಿವರ ಕೈಗೆ ಡಂಬೆಲ್ ಎತ್ತಿಕೊಡುವಾಗ ಅವನ ಮೊಣಕಾಲು ಲಟಕ್ ಎನ್ನುತ್ತಿತ್ತು. ಅವನಿಗೆ ದಣಿವಾಗಿತ್ತು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು.

ಆ ವರ್ಷದ ಮೇ ತಿಂಗಳಲ್ಲಿ ಊರಾಚೆ ಹೊಸದಾಗಿ ತಲೆಯೆತ್ತಿದ್ದ ಹೈಸ್ಕೂಲೊಂದು ದೈಹಿಕ ಶಿಕ್ಷಕರು ಬೇಕೆಂದು ಕರೆಯಿತು. ಓಬಳೇಶ ತನ್ನ ಪದ್ಧತಿಯಂತೆ ವಿಚಾರಿಸಿದ. ಆಫೀಸಿನ ಗುಮಾಸ್ತನನ್ನು ಕೇಳಿದ, ಬಸ್ಸಿನ ಡ್ರೈವರನ್ನು ಕೇಳಿದ, ಹಿಂದಿನ ವರ್ಷ ಸೇರಿದ್ದ ವಿಜ್ಞಾನದ ಮೇಡಂ ಗಂಡನನ್ನೂ ಬಿಡಲಿಲ್ಲ. ಹನ್ನೆರಡು ತಿಂಗಳ ಮನೆ. ಪಿಎಫ್‌ನಲ್ಲಿ ಅವರ ಪಾಲು ಅವರೇ ಕಟ್ಟುತ್ತಾರೆ. ಒರಿಜಿನಲ್ ನೋಡಿ, ಅಲ್ಲೇ ವಾಪಸ್ ಕೊಡುತ್ತಾರೆ. ಇಪ್ಪತ್ತು ವರ್ಷದಲ್ಲಿ ಮೂರು ಪ್ರಶ್ನೆಗೂ ಸರಿಯಾದ ಉತ್ತರ ಕೊಟ್ಟ ಮನೆಯನ್ನು ಅವನು ನೋಡಿರಲಿಲ್ಲ. ಮೊದಲ ಬಾರಿಗೆ, ಇದನ್ನು ಯಾರಿಗೂ ಹೇಳಬಾರದು ಅನ್ನಿಸಿತು.

"ಊರೋರಿಗೆಲ್ಲ ಸಂಬಂಧ ಕುದುರಿಸಿಕೊಟ್ಟಿದ್ದಾತು, ಈ ಸಲ ನಿಮಗೊಂದು ನೋಡ್ಕಳ್ರಿ" ಎಂದಳು ಹೆಂಡತಿ ವನಜಾ, ಹೊಲಿಗೆ ಮಿಷನ್ನಿನ ಮುಂದಿನಿಂದ ಏಳದೆ. "ಊರಿಗೆ ಉಪಕಾರಿ, ಮನೆಗೆ ಮಾರಿ. ಸಾಕಾಗೈತೆ ನಂಗೂ."

"ಬಿಪಿಎಡ್ ಕೇಳವ್ರೆ ಕಣೇ."

"ನಿಮ್ದು ಐತಲ್ಲ, ಅದೇನೋ ಸರ್ಟಿಫಿಕೇಟು."

"ಅದು ಆರು ವಾರದ್ದು."

ಬೆಂಗಳೂರಿನಲ್ಲಿ ಆರು ವಾರ ಬೆವರು ಸುರಿಸಿ ತಂದ ಖೋಖೋ ಕೋಚಿಂಗ್ ಸರ್ಟಿಫಿಕೇಟು ಅದು. ಕೋಚ್ ಅನ್ನಿಸಿಕೊಳ್ಳಲು ಸಾಕು. ಹೈಸ್ಕೂಲಿನ ದೈಹಿಕ ಶಿಕ್ಷಕನಾಗಲು ಡಿಗ್ರಿ ಆದ ಮೇಲೆ ಎರಡು ವರ್ಷದ ಬಿಪಿಎಡ್ ಬೇಕು. ಬೇರೆ ಯಾರಾದರೂ ಕೇಳಿದ್ದರೆ ಓಬಳೇಶ ಒಂದೇ ಮಾತಿನಲ್ಲಿ "ಬಸ್ ಚಾರ್ಜು ದಂಡ, ಸುಮ್ನಿರು" ಅನ್ನುತ್ತಿದ್ದ. ಆದರೆ ಪೇಪರಿನ ಜಾಹೀರಾತಿನ ಕೊನೆಯಲ್ಲಿ "ಅನುಭವಿಗಳಿಗೆ ಆದ್ಯತೆ" ಎಂದಿತ್ತು. ಆ ಎರಡು ಪದವನ್ನು ಅವನು ಎಷ್ಟು ಸಲ ಓದಿದನೋ. ಆಸೆ ಬಂದರೆ ತಿಳಿದವನೂ ಅಷ್ಟೇ, ತಿಳಿಯದವನೂ ಅಷ್ಟೇ.

ಇಂಟರ್‌ವ್ಯೂಗೆ ಒರಿಜಿನಲ್ ತರಬೇಕಿತ್ತು. ಒರಿಜಿನಲ್ ಎಲ್ಲಿತ್ತು? ಜಿಮ್ಮಿನ ಗೋಡೆಯ ಮೇಲೆ, ಕಟ್ಟು ಹಾಕಿಸಿಕೊಂಡು, ಕೌಂಟರಿನ ಹಿಂದೆ, ಆಂಜನೇಯನ ಪಟದ ಪಕ್ಕದಲ್ಲಿ. ಬೀರುವಿನಲ್ಲಿ ಇಡಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದ ಮಹಾನುಭಾವ, ಜಿಮ್ಮಿನವನು ಗೋಡೆಗೆ ಹಾಕುತ್ತೇನೆ ಎಂದಾಗ ಹಿಗ್ಗಿ ತಾನೇ ಮೊಳೆ ಹಿಡಿದುಕೊಂಡು ನಿಂತಿದ್ದ.

"ಅದನ್ನ ತೆಗೆದ್ರೆ ಹೆಂಗಣ್ಣ?" ಎಂದ ಜಿಮ್ಮಿನ ಮಾಲೀಕ ಪ್ರಸನ್ನ ಕುಮಾರ್. ಅವನ ಮೂಲ ಕಸುಬು ಜಲ್ಲಿ, ಸಿಮೆಂಟಿನ ವ್ಯಾಪಾರ. "ಸೇರೋಕೆ ಬಂದೋರು ಮೊದ್ಲು ಅದನ್ನೇ ನೋಡೋದು. ಸರ್ಟಿಫೈಡ್ ಟ್ರೈನರ್ ಅಂತ ಬೋರ್ಡ್ ಬೇರೆ ಬರೆಸಿವ್ನಿ."

"ನಾನು ಕೆಲ್ಸ ಬುಟ್ರೆ ಆವಾಗ ಏನ್ಮಾಡ್ತೀಯಪ್ಪ?"

ಪ್ರಸನ್ನ ಕುಮಾರ್ ಸ್ವಲ್ಪವೂ ನಾಚದೆ ಹೇಳಿದ. "ನೀನು ಬುಡೋದಾದ್ರೆ ಬುಡಣ್ಣ, ಬೇಜಾರಿಲ್ಲ. ಫ್ರೇಮ್ ಇರ್ಲಿ. ತಿಂಗ್ಳು ತಿಂಗ್ಳು ಅದಕ್ಕೇಂತ ಏನಾದ್ರೂ ಕೊಡ್ತೀನಿ. ಡಂಬೆಲ್ ಎತ್ತಿಕೊಡೋಕೆ ಹುಡುಗ್ರು ಸಿಕ್ತಾರೆ."

ಓಬಳೇಶನಿಗೆ ಸಿಟ್ಟೂ ಬಂತು, ನಗುವೂ ಬಂತು. ಗೋಡೆಯ ಮೇಲಿನದಕ್ಕೆ ಬಾಡಿಗೆ ಇದೆ, ಅದನ್ನು ಸಂಪಾದಿಸಿದ ಮೈಗೆ ಬೆಲೆ ಇಲ್ಲ. ಇಂಟರ್‌ವ್ಯೂ ಮುಗಿಸಿ ತಂದುಬಿಡುತ್ತೇನೆಂದು ಮಾತು ಕೊಟ್ಟು ಅದನ್ನು ಇಳಿಸಿಕೊಂಡ. ಹಿಂದೆ ಹಲ್ಲಿಯೊಂದು ಮೊಟ್ಟೆ ಇಟ್ಟಿತ್ತು. ಟವಲಿನಲ್ಲಿ ಒರೆಸಿ ಮನೆಗೆ ಒಯ್ದ.

ಅದೇ ಸಂಜೆ ಮಧುಶ್ರೀ ಫೋನ್ ಮಾಡಿದಳು.

ಮಧುಶ್ರೀ ಎಂದರೆ ಅವನು ಆ ಕೊರಟಗೆರೆಯ ಶಾಲೆಯಲ್ಲಿ ಖೋಖೋ ಆಡಿಸಿದ ಹುಡುಗಿ. ಕಂಬದ ಬಳಿ ಹಾವಿನಂತೆ ಹೊರಳುತ್ತಿದ್ದವಳು. ಪಿಯುಸಿ ಆದ ಮೇಲೆ ಅವಳಪ್ಪ ಜಯಣ್ಣ ಆರು ವಾರದ ಕೋರ್ಸಿಗೆ ಸೇರಿಸಲು ಹೊರಟಾಗ ಅಡ್ಡ ಹಾಕಿದ್ದು ಇದೇ ಓಬಳೇಶ. "ಆರು ವಾರದ್ದು ಮಾಡಿ ನಾನು ಇಂಗೆ ಆಗಿವ್ನಿ ಕಣ್ ಜಯಣ್ಣ. ಡಿಗ್ರಿ ಮಾಡ್ಸು, ಆಮೇಲೆ ಬಿಪಿಎಡ್ ಮಾಡ್ಸು" ಎಂದು ಜಗಲಿಯಲ್ಲಿ ಕೂತು ಹಟ ಹಿಡಿದಿದ್ದ. ಈ ವರ್ಷ ಅವಳ ಬಿಪಿಎಡ್ ಮುಗಿದಿತ್ತು.

"ಸಾರ್, ಮಧುಗಿರೀಲಿ ಹೊಸ ಹೈಸ್ಕೂಲ್ ಐತಲ್ಲ, ಅಲ್ಲಿ ಪಿಟಿ ಪೋಸ್ಟ್ ಕರ್ದವ್ರೆ. ಅದು ಹೆಂಗ್ ಸಾರ್?"

ಓಬಳೇಶ ಅಂಗಳಕ್ಕೆ ಬಂದು ನಿಂತ. ಎದುರಿಗೆ ಬೆಟ್ಟ. ನಾಲ್ಕು ತಾಲ್ಲೂಕಿಗೆ ಹೇಳುತ್ತಿದ್ದ ಮಾತು ಬಾಯಲ್ಲೇ ಇತ್ತು. ಹನ್ನೆರಡು ತಿಂಗಳ ಮನೆ ಕಣಮ್ಮ, ಕಣ್ಣು ಮುಚ್ಚಿ ಹೋಗು. ಆದರೆ ಒಳಗೆ ವನಜಾಳ ಮಿಷನ್ನು ಗಡಗಡ ಓಡುತ್ತಿತ್ತು, ಅವನ ಮೊಣಕಾಲು ನೋಯುತ್ತಿತ್ತು, ಚಾಪೆಯ ಮೇಲೆ ಆ ಫ್ರೇಮು ಮಲಗಿತ್ತು.

"ಹತ್ತು ತಿಂಗ್ಳ ಮನೆ ಕಣಮ್ಮ" ಎಂದ. "ಬ್ಯಾಡ ಬುಡು."

"ಹೌದಾ ಸಾರ್? ಎಲ್ರೂ ಚೆನ್ನಾಗೈತೆ ಅಂತಿದ್ರು."

"ಹೊರಗಿಂದ ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣ್ಸೋದು."

"ಹಂಗಾದ್ರೆ ನಮ್ಮ ಹಳೇ ಸ್ಕೂಲ್‌ಗೇ ಸೇರ್ಕಂತೀನಿ ಸಾರ್. ಹೆಂಗೂ ಮನೆ ಹತ್ರ. ಸೆಕ್ರೆಟರಿ ಸಾರ್ ಎರಡು ಸಲ ಕರ್ದವ್ರೆ."

ಅಲ್ಲಿ ಒರಿಜಿನಲ್ ಇಟ್ಟುಕೊಳ್ಳುತ್ತಾರೆ ಎಂದು ಹೇಳಬೇಕಿತ್ತು. ಹೇಳಿದರೆ ಅವಳು ಮತ್ತೆ ಮಧುಗಿರಿಯ ಮಾತು ತೆಗೆಯುತ್ತಾಳೆ. ಓಬಳೇಶ "ಹ್ಞೂಂ" ಎಂದ. ಫೋನಿಟ್ಟ ಮೇಲೆ ಊಟ ಸೇರಲಿಲ್ಲ. ಏನಾಯಿತೆಂದು ವನಜಾ ಕೇಳಿದಳು. ಬಿಸಿಲು ಎಂದ.

ಇಂಟರ್‌ವ್ಯೂ ನಡೆದದ್ದು ಎರಡು ದಿನ ಬಿಟ್ಟು. ಮುಖ್ಯೋಪಾಧ್ಯಾಯಿನಿ ಗಂಗಾಂಬಿಕಾ ಮೇಡಂ ನೆಟ್ಟಗೆ ಮಾತಾಡುವ ಹೆಂಗಸು. ಓಬಳೇಶ ಟವಲು ಬಿಚ್ಚಿ ಫ್ರೇಮು ಮೇಜಿನ ಮೇಲಿಟ್ಟಾಗ ಅವರು ನಗಲಿಲ್ಲ, ಅದೇ ದೊಡ್ಡದು. ಕನ್ನಡಕ ಹಾಕಿಕೊಂಡು ಪೂರಾ ಓದಿದರು. ಹೊರಗೆ ಮೈದಾನ ತೋರಿಸಿದರು. ಓಬಳೇಶ ಕಣ್ಣಲ್ಲೇ ಖೋಖೋ ಅಂಕಣ ಎಲ್ಲಿ ಬರಬೇಕೆಂದು ಅಳೆದ, ಸುಣ್ಣ ಎಷ್ಟು ಬೇಕೆಂದು ಅಂದಾಜು ಮಾಡಿದ.

"ಓಬಳೇಶ್ ಅವರೇ, ನಿಮ್ಮ ಅನುಭವದ ಬಗ್ಗೆ ನನಗೆ ಎರಡು ಮಾತಿಲ್ಲ" ಎಂದರು ಮೇಡಂ. "ಆದರೆ ಇದು ಕೋಚ್‌ಗೆ ಸರಿ. ನಮಗೆ ಬೇಕಿರೋದು ಎಂಟರಿಂದ ಹತ್ತನೇ ಕ್ಲಾಸಿಗೆ ಟೀಚರ್. ಇಲಾಖೆಯವರು ಬಂದು ಫೈಲ್ ನೋಡಿದರೆ ಬಿಪಿಎಡ್ ಎಲ್ಲಿ ಅಂತಾರೆ. ನಾನು ಏನು ಹೇಳಲಿ?"

"ಅನುಭವಿಗಳಿಗೆ ಆದ್ಯತೆ ಅಂತ ಹಾಕಿದ್ರಿ ಮೇಡಂ."

"ಬಿಪಿಎಡ್ ಆದವರಲ್ಲಿ ಆದ್ಯತೆ ಅಂತ."

ಅಷ್ಟೇ. ಓಬಳೇಶ ಫ್ರೇಮನ್ನು ಮತ್ತೆ ಟವಲಿಗೆ ಸುತ್ತತೊಡಗಿದ. ಸೋತ ಹುಡುಗರಿಗೆ ಎಷ್ಟೋ ಸಲ ಬೆನ್ನು ತಟ್ಟಿದ್ದನಲ್ಲ, ಈಗ ತನ್ನ ಬೆನ್ನು ತನಗೆ ಎಟುಕಲಿಲ್ಲ.

"ನಿಮಗೆ ಈ ಕಡೆ ಎಲ್ಲರೂ ಗೊತ್ತಂತೆ. ಬಿಪಿಎಡ್ ಆಗಿರೋ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಹೇಳಿ" ಎಂದರು ಮೇಡಂ. "ಕೊರಟಗೆರೆ ಕಡೆಯ ಒಬ್ಬ ಹುಡುಗಿ ಬರ್ತೀನಿ ಅಂದಿದ್ದಳು. ಯೂನಿವರ್ಸಿಟಿ ಮಟ್ಟದಲ್ಲಿ ಆಡಿದವಳು. ನಿನ್ನೆ ಫೋನ್ ಮಾಡಿ ಬರಲ್ಲ ಅಂದಳು. ಕಾರಣ ಕೇಳಿದರೆ, ನಮ್ಮ ಸಾರ್ ಬೇಡ ಅಂದರು ಅಂತಾಳೆ. ಯಾವ ಸಾರೋ ಏನೋ."

ಓಬಳೇಶನ ಕೈ ಟವಲಿನ ಗಂಟಿನ ಮೇಲೇ ನಿಂತುಹೋಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸುವುದು ಇಂಥ ಹೊತ್ತಿನಲ್ಲೇ. ತನಗಂತೂ ಸಿಗದ ಅನ್ನ, ಇನ್ನೊಬ್ಬರ ತಟ್ಟೆಯಿಂದಲೂ ಕಿತ್ತಾಯಿತು.

"ಮೇಡಂ, ನಾಳೆ ಸಂಜೆ ತನಕ ಯಾರಿಗೂ ಮಾತು ಕೊಡಬ್ಯಾಡಿ" ಎಂದ. "ಆ ಹುಡುಗಿ ಬತ್ತಾಳೆ."

ಗೇಟಿನ ಹೊರಗೆ ಹುಣಸೆ ಮರದ ಕೆಳಗೆ ನಿಂತು ಫೋನ್ ಮಾಡಿದ.

"ಮಧು, ಆ ಹೈಸ್ಕೂಲು ಹನ್ನೆರಡು ತಿಂಗ್ಳ ಮನೆ ಕಣಮ್ಮ. ನಾನು ನಿಂಗೆ ಸುಳ್ಳು ಹೇಳ್ದೆ."

ಫ್ರೇಮನ್ನು ಮರದ ಬೊಡ್ಡೆಗೆ ಒರಗಿಸಿದ.

"ಆ ಪೋಸ್ಟು ನಂಗೆ ಬೇಕಿತ್ತು. ಅದಕ್ಕೇ ಹೇಳ್ದೆ. ನಂಗೆ ಕೊಡಾಕಿಲ್ಲ ಅಂದ್ರು. ನೀನು ನಾಳೇನೇ ಒರಿಜಿನಲ್ ತಗಂಡು ಬಾ."

"ಒರಿಜಿನಲ್ ಎಲ್ಲಿಂದ ತರ್ಲಿ ಸಾರ್?" ಮಧುಶ್ರೀಯ ದನಿ ಸಣ್ಣಗೆ ಬಂತು. "ಬೆಳಗ್ಗೆ ಸೆಕ್ರೆಟರಿ ಸಾರ್‌ಗೆ ಕೊಟ್ಟು ಬಂದೆ. ಎಸೆಸೆಲ್ಸಿದಿಂದ ಬಿಪಿಎಡ್ ತನಕ ಎಲ್ಲಾನೂವೆ. ಇಟ್ಕಳೋ ಹಂಗಿದ್ರೆ ನೀವು ಹೇಳ್ತಿದ್ರಿ ಅನ್ಕಂಡೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಓಬಳೇಶ ಫ್ರೇಮನ್ನು ಕಂಕುಳಲ್ಲಿ ಇರುಕಿಕೊಂಡು ಕೊರಟಗೆರೆ ಬಸ್ಸು ಹತ್ತಿದ. ಸೀಟಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು ಟವಲಿನ ಮೂಲೆ ಎತ್ತಿ ನೋಡಿ "ಯಾವ ದ್ಯಾವ್ರಪ್ಪಾ ಇದು?" ಎಂದು ಕೇಳಿದಳು. ಆರು ವಾರದ ದೇವರು ಕಣಮ್ಮ, ವರ ಕೊಡಲ್ಲ ಎನ್ನಬೇಕೆನಿಸಿತು ಅವನಿಗೆ. ಟವಲಿನ ಮೂಲೆ ಮತ್ತೆ ಮುಚ್ಚಿದ.

ಸತ್ತರೂ ತುಳಿಯುವುದಿಲ್ಲ ಎಂದಿದ್ದ ಗೇಟನ್ನು ತುಳಿದ. ಮಧುಶ್ರೀ, ಜಯಣ್ಣ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಇಬ್ಬರೂ ಅವನ ಮುಖ ನೋಡಲಿಲ್ಲ. ಸೆಕ್ರೆಟರಿ ಫ್ಯಾನಿನ ಕೆಳಗೆ ಎಳನೀರು ಕುಡಿಯುತ್ತಿದ್ದರು.

"ಅಯ್ಯೋ, ಬೆಳಗ್ಗೆ ಕೊಟ್ಟು ಸಂಜೆ ವಾಪಸ್ ಅಂದ್ರೆ ಇದೇನು ಬಾಡಿಗೆ ಸೈಕಲ್ಲಾ?" ಎಂದರು ಅವರು. "ನಾನು ಬೇರೆಯವರಿಗೆ ಬೇಡ ಅಂತ ಹೇಳ್ಬಿಟ್ಟೆ. ಶಾಲೆ ಶುರುವಾಗೋಕೆ ವಾರ ಇಲ್ಲ. ಆಮೇಲೆ ತಾಲ್ಲೂಕು ಮಟ್ಟದ ಆಟ ಬರ್ತವೆ. ಫೀಲ್ಡಲ್ಲಿ ಯಾರು ನಿಂತ್ಕೋತಾರೆ, ನಾನಾ?"

"ಇಟ್ಕಳೋಕೆ ನಿಮಗೆ ಹಕ್ಕಿಲ್ಲ ಸಾರ್" ಎಂದ ಓಬಳೇಶ. "ದೂರು ಕೊಟ್ರೆ ನೀವು ಕೊಡಲೇಬೇಕು."

"ಕೊಡ್ತೀನಪ್ಪ. ದೂರು ಕೊಡಿ, ನೋಟಿಸ್ ಬರ್ಲಿ, ಆಮೇಲೆ ಕೊಡ್ತೀನಿ. ಅವತ್ತೂ ಇದೇ ಹೇಳಿದ್ದೆ. ಎಷ್ಟು ದಿನ ಆಯ್ತು, ಜ್ಞಾಪಕ ಇದೆಯಲ್ಲ?"

ಇತ್ತು. ಎರಡು ವರ್ಷ. ಮಧುಶ್ರೀಗೆ ಇದ್ದದ್ದು ನಾಳೆ ಸಂಜೆಯವರೆಗೆ.

ಓಬಳೇಶ ಜಗಳಕ್ಕೆ ಹೊಸಬನಲ್ಲ. ಆದರೆ ಅವತ್ತು ಅವನಲ್ಲಿ ಜಗಳ ಉಳಿದಿರಲಿಲ್ಲ. ಟವಲು ಬಿಚ್ಚಿದ, ಫ್ರೇಮನ್ನು ಮೇಜಿನ ಮೇಲಿಟ್ಟ.

"ನಿಮ್ಗೆ ಫೀಲ್ಡಲ್ಲಿ ಒಬ್ರು ಬೇಕು, ಬೀರುನಲ್ಲಿ ಒಂದು ಬೇಕು. ಎರಡೂ ತಗಳಿ. ಏಳನೇ ಕ್ಲಾಸ್ ತನಕದ ಮಕ್ಕಳಿಗೆ ಇದು ಸಾಕು ಅಂತ ಅವತ್ತು ನೀವೇ ಇಟ್ಕಂಡಿದ್ರಿ. ಆಯಮ್ಮನ್ದು ಆಯಮ್ಮಂಗೆ ಕೊಟ್ಬುಡಿ."

ಸೆಕ್ರೆಟರಿ ಎಳನೀರಿನ ಬುರುಡೆ ಕೆಳಗಿಟ್ಟು ಅವನನ್ನೇ ನೋಡಿದರು. "ಸಂಬಳ ಹಳೇದೇ. ಹತ್ತು ತಿಂಗಳು."

"ಗೊತ್ತು ಸಾರ್."

"ಬಸ್ ಡ್ಯೂಟಿನೂ ಇರ್ತದೆ."

"ಅದೂ ಗೊತ್ತು."

ಬೀರು ಕಿರ್ ಎಂದು ತೆರೆಯಿತು. ಪ್ಲಾಸ್ಟಿಕ್ ಕವರು ಹೊರಗೆ ಬಂತು, ಫ್ರೇಮು ಒಳಗೆ ಹೋಯಿತು. ಅಗಲಕ್ಕೆ ಹಿಡಿಸದೆ ಓರೆಯಾಗಿ ನಿಲ್ಲಿಸಿದರು. ಮಧುಶ್ರೀ ಕವರನ್ನು ಎದೆಗವಚಿಕೊಂಡು ಒಂದೊಂದೇ ತೆಗೆದು ನೋಡಿದಳು. ಜಯಣ್ಣ ಹೊರಗೆ ಬಂದ ಮೇಲೆ ಓಬಳೇಶನ ಹತ್ತಿರ ಒಂದು ಗಳಿಗೆ ನಿಂತು, ಮಗಳ ಹಿಂದೆ ನಡೆದುಬಿಟ್ಟ.

ವನಜಾಳಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳು ಪೂರ್ತಿ ಕೇಳಿದಳು. ಮಾಡಿದ್ದುಣ್ಣೋ ಮಹರಾಯ ಎಂದಷ್ಟೇ ಹೇಳಿ ಅನ್ನಕ್ಕಿಟ್ಟಳು. ಆಮೇಲೆ ತಟ್ಟೆ ಮುಂದಿಡುವಾಗ, "ಸುಳ್ಳು ಹೇಳಿದ್ದಕ್ಕೆ ಹೊಟ್ಟೆ ಉರೀತೈತೆ. ಹೋಗಿ ಬುಡಿಸ್ಕೊಟ್ರಲ್ಲ, ಅದಕ್ಕೆ ಏನೂ ಅನ್ನಾಕಿಲ್ಲ" ಎಂದಳು. ಪ್ರಸನ್ನ ಕುಮಾರ್ ಮಾತ್ರ ಖಡಾಖಂಡಿತ. ಫ್ರೇಮಿಲ್ಲದ ಓಬಳೇಶಣ್ಣ ಸಂಜೆ ಬ್ಯಾಚಿಗೂ ಬೇಕಾಗಲಿಲ್ಲ. ಆ ಖಾಲಿ ಮೊಳೆಗೆ ಕ್ಯಾಲೆಂಡರು ನೇತುಹಾಕಿದ.

ಆ ವರ್ಷವೆಲ್ಲ ಓಬಳೇಶ ಬೆಳಗ್ಗೆ ಎಂಟರ ಬಸ್ಸಿಗೆ ಕೊರಟಗೆರೆಗೆ ಹೋದ. ಮಕ್ಕಳನ್ನು ಎಣಿಸಿದ, ಸುಣ್ಣದ ಗೆರೆ ಎಳೆದ, ಆಡಿಸಿದ. ತಾಲ್ಲೂಕು ಮಟ್ಟದಲ್ಲಿ ಗೆದ್ದರೂ ಜಿಲ್ಲೆಯಲ್ಲಿ ಸೋತರು. ಮಧುಶ್ರೀಗೆ ಆ ಕೆಲಸ ಸಿಕ್ಕಿತ್ತು. ಪಂದ್ಯಗಳಲ್ಲಿ ಎದುರಾದರೆ "ನಮಸ್ತೆ ಸಾರ್" ಎನ್ನುತ್ತಿದ್ದಳು, ಅಷ್ಟೇ. ಟ್ರ್ಯಾಕ್ ಸೂಟಿನಲ್ಲಿ, ಹೆಗಲಿಗೆ ಶಾಲೆಯ ಬ್ಯಾಗು ಹಾಕಿಕೊಂಡು, ತನ್ನ ಹುಡುಗಿಯರನ್ನು ಸಾಲಾಗಿ ಕರೆದುಕೊಂಡು ಹೋಗುವುದನ್ನು ಅವನು ದೂರದಿಂದ ನೋಡುತ್ತಿದ್ದ. ಸಂತೋಷವಾಗುತ್ತಿತ್ತು, ಅದರ ಅಡಿಯಲ್ಲಿ ನೋವೂ ಆಗುತ್ತಿತ್ತು. ಒಂದು ಮಾತು ಕೆಟ್ಟರೆ ಹತ್ತು ವರ್ಷದ ಗುರುಶಿಷ್ಯರ ಸಲಿಗೆ ಹೇಗೆ ಸೊಪ್ಪಿನಂತೆ ಬಾಡುತ್ತದೆ ಎಂದು ಅವನಿಗೆ ತಿಳಿಯಿತು.

ಮತ್ತೆ ಮೇ ಬಂತು. ಫೋನು ಮತ್ತೆ ಶುರುವಾಯಿತು. ಪಾವಗಡದಿಂದ ಒಬ್ಬ, ಬುಕ್ಕಾಪಟ್ಟಣದಿಂದ ಒಬ್ಬ, "ಅಣ್ಣ, ಅಲ್ಲಿ ಹೆಂಗೆ?" ಓಬಳೇಶ ಈಗ ಉತ್ತರ ಕೊಡುವ ಮುಂಚೆ "ಅಲ್ಲಿಗೆ ನಾನು ಅರ್ಜಿ ಹಾಕಿಲ್ಲ, ಅದಕ್ಕೇ ನಂಬು" ಎಂದು ಸೇರಿಸುತ್ತಿದ್ದ. ಅವರು ತಮಾಷೆ ಎಂದುಕೊಂಡು ನಗುತ್ತಿದ್ದರು.

ತಿಂಗಳ ಕೊನೆಯ ಒಂದು ಮಧ್ಯಾಹ್ನ ಅವನು ವನಜಾ ಹೊಲಿದ ರವಿಕೆಗಳಿಗೆ ಗುಂಡಿ ಹಾಕುತ್ತ ಕೂತಿದ್ದಾಗ ಮಧುಶ್ರೀಯ ಹೆಸರು ಫೋನಿನ ಮೇಲೆ ಮೂಡಿತು. ವರ್ಷದ ಮೇಲೆ ಮೊದಲ ಸಲ.

"ಸಾರ್, ಮೇ ತಿಂಗ್ಳ ಸಂಬ್ಳ ಬಂತು" ಎಂದಳು. "ಏಪ್ರಿಲ್‌ದೂ ಬಂದಿತ್ತು. ರಜಾ ಇದ್ರೂ ಹಾಕವ್ರೆ."

"ಪಿಎಫ್ಫು?"

"ಅವರ ಪಾಲು ಅವರೇ ಕಟ್ಟವ್ರೆ ಸಾರ್."

"ಒರಿಜಿನಲ್ಲು?"

"ಮನೇಲೈತೆ. ಅಪ್ಪನ ಟ್ರಂಕಲ್ಲಿ."

ಓಬಳೇಶ ಸೂಜಿಯನ್ನು ರವಿಕೆಗೆ ಚುಚ್ಚಿ ಪಕ್ಕಕ್ಕಿಟ್ಟ. ಮಧುಶ್ರೀ ಹಳೆಯ ಸಲಿಗೆಯಲ್ಲಿ, ಅಂಕಣದ ಆ ಕಂಬದಿಂದ ಈ ಕಂಬಕ್ಕೆ ಕೂಗುತ್ತಿದ್ದಳಲ್ಲ, ಅದೇ ದನಿಯಲ್ಲಿ ಕೇಳಿದಳು.

"ನಿಮ್ದು ಹೆಂಗ್ ಸಾರ್?"

"ಹತ್ತು ತಿಂಗ್ಳ ಮನೆ ಕಣಮ್ಮ" ಎಂದ ಓಬಳೇಶ. ಈ ಸಲ ಅದು ಸುಳ್ಳಾಗಿರಲಿಲ್ಲ.